ಮೀಠಿ ನದಿ ದಡದ ನಿವಾಸಿಗಳಿಗೆ ಮಳೆ ಮತ್ತು ನೆರೆ ಮುನ್ನೆಚ್ಚರಿಕೆ

ಹೊರಡಿಸಿದ್ದು: ಮಂಗಳವಾರ ಸಂಜೆ 6 ಗಂಟೆ
ಅನ್ವಯ: ಬುಧವಾರ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ, ಕುರ್ಲಾದ ಕ್ರಾಂತಿ ನಗರ ಮತ್ತು ನದಿಗೆ ತಾಗಿದ ಚಾಳುಗಳು

ಕುರ್ಲಾದ ಕನ್ನಡಿಗ ಬಂಧುಗಳೇ,

ಹವಾಮಾನ ಇಲಾಖೆಯು ನಾಳೆ ಮುಂಬಯಿಗೆ ರೆಡ್ ಅಲರ್ಟ್ ಘೋಷಿಸಿದೆ. ಅಂದರೆ 24 ಗಂಟೆಗಳಲ್ಲಿ 204 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುವ ಸಂಭವವಿದೆ. ಮಧ್ಯಾಹ್ನ 12.50ಕ್ಕೆ ಸಮುದ್ರದಲ್ಲಿ 4.6 ಮೀಟರ್ ಉಬ್ಬರವಿರುವುದರಿಂದ, ಮಾಹಿಮ್ ಖಾರಿಗೆ ಸೇರಬೇಕಾದ ಮೀಠಿಯ ನೀರು ಮುಂದೆ ಹರಿಯಲಾಗದೆ ಸುಮಾರು 11ರಿಂದ 3 ಗಂಟೆಯವರೆಗೆ ಹಿಂದಕ್ಕೆ ಒತ್ತಬಹುದು. ಸಂಜೆ ಹೊತ್ತಿಗೆ ಸಮುದ್ರದ ಉಬ್ಬರ ತಗ್ಗಿದ ಮೇಲೆ, ಮಳೆ ಬಿಡುವು ಕೊಟ್ಟರೆ, ನೀರು ಇಳಿಯುತ್ತದೆ.

ನೆಲಮಟ್ಟದ ಮನೆಗಳಲ್ಲಿರುವ ವೃದ್ಧರು, ಗರ್ಭಿಣಿಯರು, ಹಾಸಿಗೆ ಹಿಡಿದವರು ಮತ್ತು ಚಿಕ್ಕ ಮಕ್ಕಳನ್ನು ಬೆಳಿಗ್ಗೆ 9ರೊಳಗೆ ಸಮೀಪದ ಮಹಾನಗರಪಾಲಿಕೆ ಶಾಲೆಗೆ ಕರೆತನ್ನಿ. ಎರಡು ಕೋಣೆಗಳು ಇಂದು ರಾತ್ರಿಯಿಂದಲೇ ತೆರೆದಿರುತ್ತವೆ. ಉಳಿದವರು ರೇಷನ್ ಕಾರ್ಡ್, ಆಧಾರ್, ಔಷಧಿ, ಬ್ಯಾಟರಿ ಮತ್ತು ಕುಡಿಯುವ ನೀರನ್ನು ಒಂದೇ ಚೀಲದಲ್ಲಿ ಸಿದ್ಧವಾಗಿಡಿ.

ನಮ್ಮ ಚಾಳುಗಳಲ್ಲಿ ನೀರು ಸಾಮಾನ್ಯವಾಗಿ ಬಾಗಿಲಿನಿಂದಲ್ಲ, ಮೊದಲು ಮೋರಿಯಿಂದ ಬರುತ್ತದೆ. ಮೋರಿಯ ಜಾಲರಿಯಿಂದ ಕಪ್ಪು ನೀರು ಬುಳುಬುಳು ಮೇಲೇಳುವುದು ಕಂಡೊಡನೆ, ಅದು ಹೊಸ್ತಿಲಿಗೆ ಬರುವುದನ್ನು ಕಾಯದೆ, ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಮತ್ತು ಮೇನ್ ಸ್ವಿಚ್ ಎರಡನ್ನೂ ಬಂದ್ ಮಾಡಿ ಹೊರಡಿ. ಸ್ವಿಚ್ ಬೋರ್ಡಿನ ಕೆಳಗೆ ಆಗಲೇ ನೀರು ನಿಂತಿದ್ದರೆ ಅದನ್ನು ಮುಟ್ಟಬೇಡಿ. ಮನೆ ಬಿಡಲು ಆಗದವರು ಮೇಲಂತಸ್ತಿಗೆ ಹೋಗಿ 1916ಕ್ಕೆ ಕರೆ ಮಾಡಿ, ಚಾಳಿನ ಹೆಸರು ಮತ್ತು ಖೋಲಿ ಸಂಖ್ಯೆ ತಿಳಿಸಿ.

ನಿಂತ ನೀರು ಬೇಗ ಹೋಗಲೆಂದು ಮ್ಯಾನ್‌ಹೋಲ್ ಮುಚ್ಚಳವನ್ನು ದಯವಿಟ್ಟು ಯಾರೂ ತೆಗೆಯಬೇಡಿ. ನೀರಿನಡಿ ಅದು ಕಾಣದೆ ದಾರಿಹೋಕರ ಜೀವ ಹೋಗಬಹುದು. ಲೋಕಲ್ ನಿಂತರೆ ಹಳಿಗೆ ಇಳಿಯದೆ ಡಬ್ಬಿಯಲ್ಲೇ ಇರಿ, ಕೆಲಸದ ಸ್ಥಳದಲ್ಲಿರುವವರು ಅಲ್ಲೇ ತಂಗಿ ಮನೆಗೆ ಒಂದು ಮಾತು ತಿಳಿಸಿ. ಕೊಳಕು ನೀರಿನಲ್ಲಿ ನಡೆದವರು, ಅದರಲ್ಲೂ ಕಾಲಿಗೆ ಗಾಯವಿದ್ದವರು, ಇಲಿಜ್ವರ ತಡೆಯುವ ಮಾತ್ರೆಯ ಬಗ್ಗೆ ಮೂರು ದಿನಗಳೊಳಗೆ ಪಾಲಿಕೆಯ ದವಾಖಾನೆಯಲ್ಲಿ ವೈದ್ಯರನ್ನು ಕಾಣಬೇಕು.

2005ರ ಜುಲೈ 26 ಮರಳಿ ಬರುತ್ತಿದೆ ಎಂಬ ಸಂದೇಶವೊಂದು ಮೊಬೈಲ್‌ಗಳಲ್ಲಿ ಹರಿದಾಡುತ್ತಿದೆ. ಅಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಸುರಿದಿತ್ತು, ಅಷ್ಟು ಮಳೆಯ ಮುನ್ಸೂಚನೆಯನ್ನು ಇಲಾಖೆ ಈಗ ಕೊಟ್ಟಿಲ್ಲ. ವಿಹಾರ್ ಕೆರೆ ಕೋಡಿ ಬಿದ್ದಿದೆ ಎಂಬ ಸುದ್ದಿ ಬಂದರೆ ಕೆರೆ ಒಡೆಯಿತೆಂದು ತಿಳಿಯಬೇಡಿ. ತುಂಬಿದ ಕೆರೆಯ ಹೆಚ್ಚುವರಿ ನೀರು ಮೀಠಿಗೆ ಇಳಿಯುವುದು ಮಳೆಗಾಲದ ವಾಡಿಕೆ. ಆದರೂ ನದಿಯ ಮಟ್ಟ ಅದರಿಂದ ಏರುವುದರಿಂದ, ಆ ಸುದ್ದಿ ಖಚಿತವಾದೊಡನೆ ನಮ್ಮ ಸ್ವಯಂಸೇವಕರು ಗಲ್ಲಿಗಲ್ಲಿಗೂ ಬಂದು ಕನ್ನಡ, ಮರಾಠಿ ಮತ್ತು ಹಿಂದಿಯಲ್ಲಿ ತಿಳಿಸುತ್ತಾರೆ.

ಮುಂದಿನ ಸೂಚನೆಯನ್ನು ಬುಧವಾರ ಬೆಳಿಗ್ಗೆ 7 ಗಂಟೆಗೆ ಶಾಲೆಯ ಗೇಟಿನ ಫಲಕದಲ್ಲಿ ಹಾಕಲಾಗುವುದು.

— ನಿವಾಸಿಗಳ ನೆರವು ಸಮಿತಿ