ರಾಜ್ಯಶಾಸ್ತ್ರದ 20 ಪದಗಳು: ಪ್ರಥಮ ಬಿ.ಎ. ಪುನರಾವರ್ತನೆ ಹಾಳೆ, ಉಡುಪಿ

1. ರಾಜ್ಯ: ಜನ, ಭೂಪ್ರದೇಶ, ಸರ್ಕಾರ, ಪರಮಾಧಿಕಾರ ನಾಲ್ಕೂ ಇರುವ ಸಂಸ್ಥೆ. (ಪರಮಾಧಿಕಾರವಿಲ್ಲದ ಕರ್ನಾಟಕ ಈ ಅರ್ಥದಲ್ಲಿ ರಾಜ್ಯವಲ್ಲ. ಹೆಚ್ಚಿನವರು ಅಂಕ ಕಳೆದುಕೊಳ್ಳುವುದು ಇಲ್ಲೇ.)
2. ಸರ್ಕಾರ: ರಾಜ್ಯದ ಇಚ್ಛೆ ಜಾರಿಮಾಡುವ ಅಂಗ, ಬದಲಾಗುತ್ತದೆ.
3. ರಾಷ್ಟ್ರ: ಒಂದೆಂಬ ಭಾವನೆಯ ಜನಸಮುದಾಯ.
4. ಪರಮಾಧಿಕಾರ: ರಾಜ್ಯದ ಸರ್ವೋಚ್ಚ ಅಧಿಕಾರ.
5. ಅಧಿಕಾರ: ಇತರರ ನಡೆ ಬದಲಿಸುವ ಸಾಮರ್ಥ್ಯ.
6. ನ್ಯಾಯಸಮ್ಮತತೆ: ಆ ಅಧಿಕಾರಕ್ಕೆ ಜನರ ಒಪ್ಪಿಗೆ.
7. ಕಾನೂನು: ರಾಜ್ಯ ಜಾರಿಗೊಳಿಸುವ ನಿಯಮ.
8. ಸ್ವಾತಂತ್ರ್ಯ: ಅನುಚಿತ ನಿರ್ಬಂಧಗಳಿಲ್ಲದ ಸ್ಥಿತಿ.
9. ಸಮಾನತೆ: ವಿಶೇಷ ಸವಲತ್ತಿಲ್ಲದ ಸಮಾನ ಅವಕಾಶ.
10. ನ್ಯಾಯ: ಅವರವರಿಗೆ ಸಲ್ಲಬೇಕಾದ್ದು ಸಲ್ಲುವುದು.
11. ಹಕ್ಕು: ರಾಜ್ಯ ಮನ್ನಿಸಿದ ಬೇಡಿಕೆ.
12. ಪೌರತ್ವ: ರಾಜ್ಯದ ಪೂರ್ಣ ಸದಸ್ಯತ್ವ.
13. ಸಂವಿಧಾನ: ಆಡಳಿತದ ಮೂಲಭೂತ ಕಾನೂನು.
14. ಪ್ರಜಾಪ್ರಭುತ್ವ: ಜನರಿಗೆ ಉತ್ತರದಾಯಿಯಾದ ಆಳ್ವಿಕೆ.
15. ಗಣರಾಜ್ಯ: ಮುಖ್ಯಸ್ಥರ ಹುದ್ದೆ ವಂಶಪಾರಂಪರ್ಯವಲ್ಲ. ಬ್ರಿಟನ್ ಪ್ರಜಾಪ್ರಭುತ್ವ ಹೌದು, ಗಣರಾಜ್ಯ ಅಲ್ಲ.
16. ಒಕ್ಕೂಟ ವ್ಯವಸ್ಥೆ: ಕೇಂದ್ರ, ರಾಜ್ಯಗಳಿಗೆ ಸಂವಿಧಾನವೇ ಅಧಿಕಾರ ಹಂಚುವುದು (7ನೇ ಅನುಸೂಚಿ).
17. ಅಧಿಕಾರ ಪ್ರತ್ಯೇಕತೆ: ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಬೇರೆಬೇರೆ.
18. ಸಂಸದೀಯ ಸರ್ಕಾರ: ಮಂತ್ರಿಮಂಡಲ ಕೆಳಮನೆಗೆ ಹೊಣೆ.
19. ಜಾತ್ಯತೀತತೆ: ರಾಜ್ಯಕ್ಕೆ ತನ್ನದೇ ಧರ್ಮವಿಲ್ಲ, ಪ್ರಸ್ತಾವನೆಗೆ ಈ ಪದ ಬಂದದ್ದು 1976ರಲ್ಲಿ, 42ನೇ ತಿದ್ದುಪಡಿಯಿಂದ.
20. ವಿಕೇಂದ್ರೀಕರಣ: ಅಧಿಕಾರವನ್ನು ಕೆಳಹಂತಕ್ಕೆ ವಹಿಸುವುದು. ಉಡುಪಿ ಜಿಲ್ಲಾ ಪಂಚಾಯತ್‌ಗೆ 73ನೇ, ಮಂಗಳೂರು ಮಹಾನಗರಪಾಲಿಕೆಗೆ 74ನೇ ತಿದ್ದುಪಡಿ, ಅದಲುಬದಲು ಮಾಡಬೇಡಿ.