‘ಲಗತ್ತಿಸಿ ಮರುಸಲ್ಲಿಸುವುದು’: ಒಂದು ಪಿಂಚಣಿ ಕಡತ ಮತ್ತು ನಿಯಮದ ಬಲೆ

ಸರ್ಕಾರಿ ಕಚೇರಿಯ ಮೇಲೆ ಸಾಮಾನ್ಯವಾಗಿ ಕೇಳಿಬರುವ ದೂರು ಎರಡು: ಲಂಚ ಕೇಳುತ್ತಾರೆ, ಇಲ್ಲವೇ ಕೆಲಸ ಮಾಡುವುದಿಲ್ಲ. ಇಲ್ಲಿ ಎತ್ತಿಕೊಂಡ ಪ್ರಕರಣದಲ್ಲಿ ಈ ಎರಡೂ ಇಲ್ಲ. ಯಾರೂ ದುಡ್ಡು ಕೇಳಲಿಲ್ಲ, ಪ್ರತಿ ಮೇಜಿನವರೂ ಅವಧಿಯೊಳಗೆ ನಿಯಮದಂತೆಯೇ ನಡೆದುಕೊಂಡರು. ಆದರೂ ಕುಟುಂಬ ಪಿಂಚಣಿ ಹದಿನಾಲ್ಕು ತಿಂಗಳು ಮಂಜೂರಾಗಲಿಲ್ಲ. ಪ್ರಕರಣ ವಿಶ್ಲೇಷಣೆಗೆಂದು ಕಟ್ಟಿಕೊಂಡದ್ದು. ಅದರ ಮೆಟ್ಟಿಲುಗಳು ಮಾತ್ರ ಕಚೇರಿ ಅಲೆದವರಿಗೆಲ್ಲ ಗೊತ್ತಿರುವಂಥವು.

ಸೇವೆಯಲ್ಲಿದ್ದಾಗಲೇ ತೀರಿಕೊಂಡ ನೌಕರನ ಹೆಂಡತಿ ಒಂಬತ್ತು ಲಗತ್ತುಗಳೊಂದಿಗೆ ಅರ್ಜಿ ಕೊಡುತ್ತಾರೆ. ವಿಲೇವಾರಿಗೆ ಗಡುವು 30 ದಿನ. ಇಪ್ಪತ್ತೇಳನೆಯ ದಿನ ಹಿಂಬರಹ ಬರುತ್ತದೆ. ಸೇವಾ ಪುಸ್ತಕದಲ್ಲಿ ಗಂಡನ ಹೆಸರು ಇನಿಷಿಯಲ್ ಸಹಿತ ಇದೆ. ಮರಣ ಪ್ರಮಾಣಪತ್ರದಲ್ಲಿ ಅದೇ ಇನಿಷಿಯಲ್ಲನ್ನು ಬಿಡಿಸಿ ತಂದೆಯ ಪೂರ್ತಿ ಹೆಸರು ಬರೆದಿದ್ದಾರೆ. ಟಿಪ್ಪಣಿ ಹಾಳೆಯ ಕಂಡಿಕೆ 4 ಹೀಗಿದೆ: “ಸದರಿ ದಾಖಲೆಗಳಲ್ಲಿ ಹೆಸರು ತಾಳೆಯಾಗದಿರುವುದು ಕಂಡುಬಂದಿರುತ್ತದೆ. ಸರಿಪಡಿಸಿದ ದಾಖಲೆ ಲಗತ್ತಿಸಿ ಮರುಸಲ್ಲಿಸುವಂತೆ ಹಿಂಬರಹ ನೀಡಬಹುದಾಗಿದೆ. ಆದೇಶಕ್ಕಾಗಿ.” ಕೆಳಗೆ ಅಧೀಕ್ಷಕರ ಷರಾ: “ಕಂಡಿಕೆ 4ರಂತೆ.” ಅದರ ಕೆಳಗೆ ಅಧಿಕಾರಿಯ ಸಹಿ.

ಈ ಮೂರು ಸಾಲನ್ನು ಸ್ವಲ್ಪ ನಿಂತು ಓದಬೇಕು. ಯಾರಿಗೆ ಕಂಡುಬಂತು? ಯಾರು ನೀಡಬಹುದು? ವಾಕ್ಯಗಳಲ್ಲಿ ಕರ್ತೃವೇ ಇಲ್ಲ. ಟಿಪ್ಪಣಿ ಬರೆದ ವಿಷಯ ನಿರ್ವಾಹಕ ನಿರ್ಧರಿಸಲಿಲ್ಲ, ಸೂಚಿಸಿದ. ಅಧೀಕ್ಷಕ ನಿರ್ಧರಿಸಲಿಲ್ಲ, ಒಪ್ಪಿದ. ಅಧಿಕಾರಿ ಕೆಳಗಿನವರು ಪರಿಶೀಲಿಸಿದ್ದಾರೆಂದು ಸಹಿ ಹಾಕಿದ. ಒಲವು, ಹಗೆ ಎರಡೂ ಇಲ್ಲದೆ, ಲಿಖಿತ ಕಡತದ ಮೂಲಕ, ಶ್ರೇಣಿಯಲ್ಲಿ ನಡೆಯುವ ಆಡಳಿತವನ್ನು ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್, ಎಲ್ಲವನ್ನೂ ಲೆಕ್ಕಕ್ಕೂ ನಿಯಮಕ್ಕೂ ಒಳಪಡಿಸುವ ವೈಚಾರಿಕೀಕರಣದ ತುದಿಯೆಂದು ಕಂಡ. ಅದು ಬರಿಯ ಬೈಗುಳವಾಗಿರಲಿಲ್ಲ. ಒಡೆಯನ ಮರ್ಜಿಗೆ ಹೋಲಿಸಿದರೆ ನಿಯಮ ಪ್ರಜೆಗೆ ರಕ್ಷಣೆಯೇ: ನಾಳೆ ಏನಾಗುತ್ತದೆಂದು ಇಂದೇ ಹೇಳಬಹುದು. ಅವನ ಹೆಸರಿನೊಡನೆ ಪ್ರಸಿದ್ಧವಾದ ‘ಕಬ್ಬಿಣದ ಪಂಜರ’ ಎಂಬ ರೂಪಕವನ್ನು ಕಚೇರಿಗೆ ಅಂಟಿಸುವಾಗ ಎಚ್ಚರ ಬೇಕು. 1904-05ರ ಬರಹದಲ್ಲಿ ಆ ರೂಪಕ ಬಂದದ್ದು ಆಧುನಿಕ ಆರ್ಥಿಕ ವ್ಯವಸ್ಥೆಯ ಬಗ್ಗೆ. ಮೂಲ ಜರ್ಮನ್ ಮಾತು ‘ಉಕ್ಕಿನಷ್ಟು ಗಡುಸಾದ ಕವಚ’ ಎಂಬುದಕ್ಕೆ ಹತ್ತಿರ. ‘ಪಂಜರ’ ಮಾಡಿದ್ದು 1930ರ ಟಾಲ್ಕಟ್ ಪಾರ್ಸನ್ಸ್‌ನ ಇಂಗ್ಲಿಷ್ ಅನುವಾದ. ನಮ್ಮ ಪ್ರಕರಣಕ್ಕೆ ಪಂಜರಕ್ಕಿಂತ ಬಲೆಯೇ ಒಪ್ಪುತ್ತದೆ. ಪಂಜರಕ್ಕೆ ಒಂದು ಬಾಗಿಲು, ಒಂದು ಬೀಗ. ಬಲೆಯಲ್ಲಿ ಯಾವ ಗಂಟೂ ಒಂಟಿಯಾಗಿ ಯಾರನ್ನೂ ಹಿಡಿಯುವುದಿಲ್ಲ.

ಗಂಟುಗಳನ್ನು ನೋಡೋಣ. ಸೇವಾ ಪುಸ್ತಕ ತಿದ್ದಿಸಲು ಅರ್ಜಿದಾರೆ ಸಿಬ್ಬಂದಿ ಶಾಖೆಗೆ ಹೋಗುತ್ತಾರೆ. ಹೆಸರಿನ ತಿದ್ದುಪಡಿಗೆ ನೌಕರನೇ, ಸೇವೆಯಲ್ಲಿರುವಾಗಲೇ ಅರ್ಜಿ ಹಾಕಬೇಕು. ನೌಕರ ಸತ್ತಿದ್ದಾನೆ. ನಿಯಮಕ್ಕೆ ಕಾರಣವಿದೆ: ನೌಕರನಿಗೆ ತಿಳಿಯದಂತೆ ಬೇರೆಯವರು ದಾಖಲೆ ತಿದ್ದಿಸಬಾರದು. ಅಲ್ಲಿಂದ ಮರಣ ನೋಂದಣಾಧಿಕಾರಿಯ ಕಚೇರಿ. ಅಲ್ಲಿ ಮೃತರ ಗುರುತಿನ ಚೀಟಿಯ ಮೂಲ ಪ್ರತಿ ಕೇಳುತ್ತಾರೆ. ನಕಲು ತೋರಿಸಿ ಮರಣ ದಾಖಲೆ ತಿದ್ದಿಸಿ ಆಸ್ತಿ ಹೊಡೆಯುವವರೂ ಇರುವುದರಿಂದ ಇದಕ್ಕೂ ಕಾರಣವಿದೆ. ಆ ಮೂಲ ಪ್ರತಿ ಎಲ್ಲಿದೆ? ಪಿಂಚಣಿ ಕಡತದಲ್ಲಿ, ಲಗತ್ತು 3. ಅಂತಿಮ ಆದೇಶವಾಗುವ ತನಕ ಮೂಲ ದಾಖಲೆ ಹಿಂದಿರುಗಿಸುವಂತಿಲ್ಲ. ಅಂತಿಮ ಆದೇಶಕ್ಕೆ ಹೆಸರು ತಾಳೆಯಾಗಬೇಕು. ಹೆಸರು ತಾಳೆಯಾಗಲು ಮೂಲ ಪ್ರತಿ ಬೇಕು.

ಇನ್ನುಳಿದದ್ದು ‘ಎರಡೂ ಹೆಸರು ಒಬ್ಬರದೇ’ ಎಂಬ ದೃಢೀಕರಣ. ಅದನ್ನು ಕೊಡುವ ಅಧಿಕಾರಿ ದಾಖಲೆ ನೋಡಿ ಕೊಡುತ್ತಾನೆ; ದಾಖಲೆಯಲ್ಲಿ ಹೆಸರು ಒಂದೇ ಇದ್ದರೆ ದೃಢೀಕರಣವೇ ಬೇಕಿರಲಿಲ್ಲ. ಇದನ್ನೆಲ್ಲ ಓಡಾಡಿ ಮುಗಿಸುವಷ್ಟರಲ್ಲಿ ಮರುವಿವಾಹವಾಗಿಲ್ಲವೆಂಬ ಪ್ರಮಾಣಪತ್ರದ ಆರು ತಿಂಗಳ ಅವಧಿ ಮುಗಿದಿರುತ್ತದೆ. ಮುಂದಿನ ಹಿಂಬರಹ ಅದಕ್ಕೆ. ಆಕ್ಷೇಪಣೆಗಳು ಒಟ್ಟಿಗೆ ಬರುವುದಿಲ್ಲ, ಒಂದೊಂದಾಗಿ ಬರುತ್ತವೆ. ಮೊದಲ ಕೊರತೆ ಕಂಡೊಡನೆ ಪರಿಶೀಲನೆ ನಿಲ್ಲಿಸುವುದು ರಾಶಿ ಕಡತ ಇರುವ ಮೇಜಿಗೆ ಶ್ರಮದ ಉಳಿತಾಯ.

ಸಂಖ್ಯೆಗಳ ಕಡೆ ತಿರುಗಿದರೆ ಬಲೆ ಇನ್ನೂ ಸ್ಪಷ್ಟ. ಹಿಂಬರಹ ಕೊಟ್ಟರೆ ಅರ್ಜಿ ‘ವಿಲೇವಾರಿ’. ಮರುಸಲ್ಲಿಸಿದ್ದಕ್ಕೆ ಹೊಸ ಸಂಖ್ಯೆ, ಹೊಸ 30 ದಿನ. ನಾಲ್ಕು ಸುತ್ತಿನಲ್ಲಿ ಕಚೇರಿ ತೆಗೆದುಕೊಂಡದ್ದು 27, 29, 26, 28 ದಿನ, ಒಟ್ಟು 110. ಹದಿನಾಲ್ಕು ತಿಂಗಳಲ್ಲಿ ಉಳಿದ ಮುನ್ನೂರಕ್ಕೂ ಹೆಚ್ಚು ದಿನ ಅರ್ಜಿದಾರರ ಲೆಕ್ಕಕ್ಕೆ. ಮಾಸಿಕ ವರದಿಯಲ್ಲಿ ನಾಲ್ಕು ಅರ್ಜಿ ಸ್ವೀಕೃತ, ನಾಲ್ಕೂ ಅವಧಿಯೊಳಗೆ ವಿಲೇವಾರಿ, ಬಾಕಿ ಸೊನ್ನೆ. ಜನರಿಗೆ ಬೇಗ ಕೆಲಸವಾಗಲೆಂದು ತಂದ ಗಡುವೇ ಹಿಂಬರಹ ಕೊಡಲು ಪ್ರೇರಣೆಯಾಯಿತು. ಸಾಧನವೇ ಗುರಿಯ ಜಾಗದಲ್ಲಿ ಕೂರುವ ಇಂಥ ಪಲ್ಲಟವನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1940ರಲ್ಲೇ ಗುರುತಿಸಿದ್ದ: ಸಾಮಾನ್ಯವಾಗಿ ದಕ್ಷತೆ ತರುವ ನಿಯಮನಿಷ್ಠೆಯೇ, ನಿಯಮ ಮಾಡಿದವರು ಊಹಿಸದ ಪ್ರಕರಣದಲ್ಲಿ ಅದಕ್ಷತೆಯಾಗುತ್ತದೆ.

ಹಾಗಾದರೆ ವಿಷಯ ನಿರ್ವಾಹಕ ಕಲ್ಲುಹೃದಯದವನೇ? ಆ ವಿವರಣೆ ಸುಲಭ, ಅಷ್ಟೇ ಸೋಮಾರಿ. ಇದೇ ಕಡತದಲ್ಲಿ ನೌಕರನ ಸಂಖ್ಯೆ, ಜನ್ಮದಿನಾಂಕ, ನಾಮನಿರ್ದೇಶನದಲ್ಲಿರುವ ಹೆಂಡತಿಯ ಹೆಸರು ಮೂರೂ ತಾಳೆಯಾಗುತ್ತವೆ. ವ್ಯಕ್ತಿ ಒಬ್ಬನೇ ಎಂಬುದರಲ್ಲಿ ಅವನಿಗೂ ಸಂಶಯವಿಲ್ಲ. ಆದರೆ ಅವನ ಮುಂದಿರುವ ಅಪಾಯಗಳು ಸಮವಲ್ಲ. ತಪ್ಪಾಗಿ ಮಂಜೂರು ಮಾಡಿದರೆ ಆಡಿಟ್ ಆಕ್ಷೇಪಣೆ, ವಿವರಣೆ ಕೇಳುವ ನೋಟಿಸು, ಸಂಬಳದಿಂದ ವಸೂಲಿ. ತಪ್ಪಾಗಿ ತಡೆದರೆ ಅವನಿಗೆ ಏನೂ ಆಗುವುದಿಲ್ಲ. ಆ ತಪ್ಪಿಗೆ ನಮೂನೆಯಾಗಲಿ, ಕಾಲಂ ಆಗಲಿ ಇಲ್ಲ. ವೇಬರ್‌ನ ಪರಿಭಾಷೆಯಲ್ಲಿ ನಿಯಮ ಪಾಲನೆಯನ್ನಷ್ಟೇ ನೋಡುವ ಔಪಚಾರಿಕ ವೈಚಾರಿಕತೆಯೂ ಫಲ ನ್ಯಾಯವೇ ಎಂದು ನೋಡುವ ಸಾರರೂಪದ ವೈಚಾರಿಕತೆಯೂ ಬೇರೆಯಾದವು ಎನ್ನಬಹುದು. ಮೇಜಿನ ಮಟ್ಟದಲ್ಲಿ ಅದರ ಅರ್ಥ ಇಷ್ಟು: ಕಡತ ಸುರಕ್ಷಿತವಾಗಿರಬೇಕು, ಅರ್ಜಿದಾರೆಯ ಪಾಡು ಅದರ ಹೊರಗಿನ ವಿಷಯ.

ಅರ್ಜಿದಾರೆಗೂ ನಾಲ್ಕನೆಯ ಸುತ್ತಿನ ಹೊತ್ತಿಗೆ ಕಚೇರಿಯ ಭಾಷೆ ಬಂದಿರುತ್ತದೆ. ‘ನನ್ನ ಗಂಡ’ ಎನ್ನುವುದನ್ನು ಬಿಟ್ಟು ‘ಮೃತ ನೌಕರ’ ಎನ್ನುತ್ತಾರೆ, ಪ್ರತಿ ಭೇಟಿಗೂ ಸ್ವೀಕೃತಿ ಕೇಳುತ್ತಾರೆ. ಕಕ್ಷಿದಾರರನ್ನು ಕಾಯಿಸಿ ಕಾಯಿಸಿ ತಮಗೆ ಬೇಕಾದ ಅಚ್ಚಿಗೆ ಒಗ್ಗಿಸಿಕೊಳ್ಳುವುದು ಜನರೊಡನೆ ನೇರ ವ್ಯವಹರಿಸುವ ನೌಕರರ ದಿನಚರಿಯ ಭಾಗವೆಂದು ಅಮೆರಿಕದ ರಾಜ್ಯಶಾಸ್ತ್ರಜ್ಞ ಮೈಕೆಲ್ ಲಿಪ್‌ಸ್ಕಿ 1980ರಲ್ಲಿ ವಿವರಿಸಿದ್ದ. ಇಲ್ಲಿ ಆ ತರಬೇತಿ ಹಿಂಬರಹಗಳಿಂದಲೇ ನಡೆಯಿತು.

ಕೊನೆಗೆ ಗಂಟು ಬಿಚ್ಚಿದ್ದು ಕೆಳಗಿನ ಯಾವ ಮೇಜಿನಲ್ಲೂ ಅಲ್ಲ. ಕಡತ ಮೂರು ಹಂತ ಮೇಲೇರಿ, ಆ ಮೂರು ತಾಳೆಗಳ ಆಧಾರದ ಮೇಲೆಯೇ ಆದೇಶವಾಯಿತು. ಆದೇಶದ ಕೊನೆಯ ಸಾಲು: “ಇದನ್ನು ಪೂರ್ವನಿದರ್ಶನವಾಗಿ ಪರಿಗಣಿಸತಕ್ಕದ್ದಲ್ಲ.” ಅಂದರೆ ಕಚೇರಿ ಕಲಿತದ್ದನ್ನು ಆ ಕ್ಷಣವೇ ಮರೆಯಬೇಕು. ಅಡಚಣೆ ಎದುರಾದಾಗಲೆಲ್ಲ ನೌಕರಶಾಹಿ ಇನ್ನೊಂದು ನಿಯಮ ಸೇರಿಸಿ ಅದೇ ಅಡಚಣೆಯನ್ನು ಬೆಳೆಸುತ್ತದೆ ಎಂಬ ವಿಷವರ್ತುಲವನ್ನು ಸಮಾಜಶಾಸ್ತ್ರಜ್ಞ ಮಿಷೆಲ್ ಕ್ರೋಝಿಯೆ 1960ರ ದಶಕದ ಆರಂಭದಲ್ಲಿ ಫ್ರೆಂಚ್ ಕಚೇರಿಗಳಲ್ಲಿ ಕಂಡಿದ್ದ. ಇಲ್ಲೂ ಎರಡು ತಿಂಗಳಲ್ಲಿ ಸುತ್ತೋಲೆ ಹೊರಟಿತು: ಇಂಥ ವಿಳಂಬ ತಪ್ಪಿಸಲು, ಹೆಸರಿನ ವ್ಯತ್ಯಾಸ ಇರಲಿ ಇಲ್ಲದಿರಲಿ, ಎಲ್ಲ ಅರ್ಜಿದಾರರೂ ಹೆಸರಿನ ದೃಢೀಕರಣವನ್ನು ಮೊದಲೇ ಸಲ್ಲಿಸತಕ್ಕದ್ದು. ಲಗತ್ತುಗಳು ಈಗ ಹತ್ತು.