ಶಾಲೆಯ ಮೊದಲ ಮಹಡಿ ಕೆಲಸ: ಶೆಡ್ಯೂಲ್ ರಿಸ್ಕ್ ರಿಜಿಸ್ಟರ್

ಆವೃತ್ತಿ 4, 7ನೇ ವಾರದ ಶನಿವಾರ
ಬರೆದು ಇಟ್ಟುಕೊಳ್ಳುವವರು: ಪ್ಲ್ಯಾನಿಂಗ್ ಎಂಜಿನಿಯರ್
ಪ್ರತಿ ಹೋಗುವುದು: ಪ್ರಾಜೆಕ್ಟ್ ಮ್ಯಾನೇಜರ್, ಸೈಟ್ ಎಂಜಿನಿಯರ್, ಸ್ಟ್ರಕ್ಚರಲ್ ಎಂಜಿನಿಯರ್, ಆರ್ಕಿಟೆಕ್ಟ್, ಸೆಂಟ್ರಿಂಗ್ ಮೇಸ್ತ್ರಿ, ಎಲೆಕ್ಟ್ರಿಕಲ್ ಮತ್ತು ಪ್ಲಂಬಿಂಗ್ ಗುತ್ತಿಗೆದಾರರು, ಶಾಲೆಯ ಆಡಳಿತಾಧಿಕಾರಿ

ಈಗ ಎಲ್ಲಿದ್ದೇವೆ

18 ಕಾಲಂಗಳಲ್ಲಿ 16 ಮುಗಿದಿವೆ. ನಾಲ್ಕು ತರಗತಿ, ಒಂದು ಸ್ಟಾಫ್ ರೂಮು, ಶೌಚಾಲಯ ಮತ್ತು ಮೆಟ್ಟಿಲು ಸೇರಿ ಇಡೀ ಮಹಡಿಯನ್ನು 24ನೇ ವಾರದ ಕೊನೆಗೆ ಶಾಲೆಗೆ ಬಿಟ್ಟುಕೊಡಬೇಕು. 26ನೇ ವಾರ ಮಕ್ಕಳು ಮೇಲೆ ಬಂದು ಕೂರುತ್ತಾರೆ, ಆ ದಿನವನ್ನು ಮುಂದೂಡುವ ಹಾಗಿಲ್ಲ. ಶೆಡ್ಯೂಲಿನಲ್ಲಿ ಹೆಚ್ಚುವರಿಯಾಗಿ ಇಟ್ಟುಕೊಂಡಿದ್ದು 10 ಕೆಲಸದ ದಿನ. ಎರಡು ಖರ್ಚಾಗಿವೆ, ಎಂಟು ಉಳಿದಿವೆ. ಉಳಿದ ದಿನಗಳು ಯಾವ ಒಬ್ಬ ಗುತ್ತಿಗೆದಾರರದ್ದೂ ಅಲ್ಲ. ಅರ್ಧ ದಿನ ಬೇಕಾದರೂ ಪ್ರಾಜೆಕ್ಟ್ ಮ್ಯಾನೇಜರ್ ಸಹಿ ಬೇಕು.

ಓದುವ ಬಗೆ

ಪ್ರತಿ ಅಪಾಯದ ಪ್ರತಿ ಸುಳಿವಿಗೂ ಒಬ್ಬರೇ ಹೊಣೆ. ಇಬ್ಬರ ಹೆಸರು ಹಾಕಿದರೆ ಇಬ್ಬರೂ ಇನ್ನೊಬ್ಬರು ನೋಡಿಕೊಳ್ಳುತ್ತಾರೆ ಅಂತ ಇದ್ದುಬಿಡುತ್ತಾರೆ. ಸುಳಿವು ಮೊದಲು ಯಾರ ಕಣ್ಣಿಗೆ ಬಿದ್ದರೂ ಅವರು ಆ ಹೊಣೆಗಾರರಿಗೆ ಅವತ್ತೇ ಹೇಳಬೇಕು. ಸೋಮವಾರದ ಮೀಟಿಂಗಿಗೆ ಕಾಯಬೇಡಿ. ಹೊಣೆಗಾರರು ಇಲ್ಲಿ ಬರೆದಿರುವ ಗಡುವಿನೊಳಗೆ ಕ್ರಮ ತೆಗೆದುಕೊಳ್ಳದಿದ್ದರೆ ವಿಷಯ ತಾನಾಗಿಯೇ ಪ್ರಾಜೆಕ್ಟ್ ಮ್ಯಾನೇಜರ್ ಹತ್ತಿರ ಹೋಗುತ್ತದೆ. ಅದು ದೂರು ಹೇಳಿದಂತೆ ಅಲ್ಲ, ದಯವಿಟ್ಟು ಯಾರೂ ಹಾಗೆ ತಿಳಿಯಬೇಡಿ.

## ದೊಡ್ಡ ಅಪಾಯಗಳು

1. ಸೆಂಟ್ರಿಂಗ್ ತಂಡ ಕರಗುವುದು
ಸಾಧ್ಯತೆ: ಹೆಚ್ಚು. ಹಾಗೇನಾದರೂ ಆದರೆ ನಷ್ಟ: 5ರಿಂದ 8 ದಿನ.

ಸದ್ಯಕ್ಕೆ ಇದೇ ನನ್ನ ಮೊದಲ ಚಿಂತೆ. 8ನೇ ವಾರದಿಂದ 11ನೇ ವಾರದವರೆಗೆ ಬೇರೆ ಎಲ್ಲ ಕೆಲಸವೂ ಸೆಂಟ್ರಿಂಗ್ ಹಿಂದೆಯೇ ನಿಂತಿರುತ್ತದೆ. ನಮಗೆ ದಿನಕ್ಕೆ 14 ಜನ ಬೇಕು. ತಂಡ ಒಂದೇ ದಿನ ಪೂರ್ತಿ ಬಿಟ್ಟುಹೋಗುವುದು ಅಪರೂಪ. ಮೊದಲು ನುರಿತ ಬಡಗಿಗಳು ಇಬ್ಬರು ಕಾಣೆಯಾಗುತ್ತಾರೆ, ಅವರ ಜಾಗಕ್ಕೆ ಹೆಲ್ಪರ್‌ಗಳು ಬರುತ್ತಾರೆ. ತಲೆ ಲೆಕ್ಕ 14 ಇದ್ದೇ ಇರುತ್ತದೆ, ಕೆಲಸ ಮಾತ್ರ ಸಾಗುವುದಿಲ್ಲ. ಅದಕ್ಕೇ ಹಾಜರಿ ಪುಸ್ತಕದಲ್ಲಿ ಬಡಗಿ ಮತ್ತು ಹೆಲ್ಪರ್ ಎರಡನ್ನೂ ಬೇರೆಬೇರೆ ಬರೆಯುವುದು ಇವತ್ತಿನಿಂದ ಕಡ್ಡಾಯ.

ಮೊದಲ ಸುಳಿವುಗಳು: ಬಡಗಿಗಳು ಸತತ ಎರಡು ದಿನ 6ಕ್ಕಿಂತ ಕಡಿಮೆ, ಜಾಕಿ, ಶೀಟು ನಮ್ಮ ಸೈಟಿನಿಂದ ಬೇರೆ ಕಡೆ ಸಾಗುವುದು, "ನಾಳೆ ಬರ್ತಾರೆ ಸಾರ್" ಅನ್ನುವ ಮಾತು ಎರಡನೇ ಸಲ ಕೇಳಿಬರುವುದು.

ಹೊಣೆ: ಸೈಟ್ ಎಂಜಿನಿಯರ್. ಸುಳಿವು ಕಂಡ ದಿನ ಸಂಜೆಯೊಳಗೆ ಮೇಸ್ತ್ರಿ ಜೊತೆ ಕೂತು ಮುಂದಿನ ಆರು ದಿನಕ್ಕೆ ಯಾರ್ಯಾರು ಬರುತ್ತಾರೆ ಅಂತ ಹೆಸರು ಸಮೇತ ಪಟ್ಟಿ ಪಡೆಯಬೇಕು. ಮೂರನೇ ದಿನವೂ ಕೊರತೆ ಇದ್ದರೆ ಪ್ರಾಜೆಕ್ಟ್ ಮ್ಯಾನೇಜರ್ ಎರಡನೇ ತಂಡವನ್ನು ಕರೆಸುತ್ತಾರೆ. ಆ ತಂಡದ ಜೊತೆ ದರ ಈಗಲೇ ಮಾತಾಡಿ ಇಟ್ಟಿದ್ದೇವೆ. ಅವರಿಗೆ ಮೆಟ್ಟಿಲಿನ ಕಡೆಯ ಭಾಗ ಕೊಡಬೇಕು. ಒಂದೇ ಜಾಗದಲ್ಲಿ ಎರಡು ತಂಡ ಬಿಟ್ಟರೆ ಜಗಳ ಬಿಟ್ಟು ಬೇರೇನೂ ಆಗುವುದಿಲ್ಲ.

2. ಸ್ಲ್ಯಾಬಿನೊಳಗೆ ಹೋಗುವ ಪೈಪು, ಬಾಕ್ಸು, ಹುಕ್ಕು ತೀರ್ಮಾನವಾಗದಿರುವುದು
ಸಾಧ್ಯತೆ: ಮಧ್ಯಮ. ಹಾಗೇನಾದರೂ ಆದರೆ ನಷ್ಟ: 3ರಿಂದ 4 ದಿನ.

ಕಂಬಿ ಕಟ್ಟಿ ಮುಗಿದ ಮೇಲೆ ಫ್ಯಾನಿನ ಜಾಗ ಬದಲಾದರೆ ಕಂಬಿ ಬಿಚ್ಚಬೇಕು. ಶೌಚಾಲಯದ ಪೈಪಿಗೆ ಸ್ಲೀವ್ ಬಿಡದೆ ಕಾಂಕ್ರೀಟ್ ಹಾಕಿದರೆ ಆಮೇಲೆ ಕೊರೆಯಬೇಕು. ಎರಡೂ ಬೇಡ. ಎಲೆಕ್ಟ್ರಿಕಲ್ ಡ್ರಾಯಿಂಗ್‌ನಲ್ಲಿ ಸ್ಟಾಫ್ ರೂಮಿನ ಎರಡು ಫ್ಯಾನ್ ಹುಕ್ಕು ಬೀಮಿನ ಕೆಳಗೇ ಬಿದ್ದಿವೆ. ಆ ಪ್ರಶ್ನೆ ಕಳಿಸಿ ಇವತ್ತಿಗೆ ನಾಲ್ಕು ದಿನವಾಯಿತು.

ಸುಳಿವು: ಕಾಂಕ್ರೀಟಿಗೆ 10 ದಿನ ಇರುವಾಗಲೂ ಸಹಿಯಾದ ಲೇಔಟ್ ಸೈಟಿಗೆ ಬಂದಿಲ್ಲ, ಅಥವಾ ಯಾವುದೇ ಪ್ರಶ್ನೆಗೆ ಮೂರು ದಿನ ಉತ್ತರ ಇಲ್ಲ. ಎರಡನೆಯದು ಈಗಾಗಲೇ ಆಗಿದೆ, ಹಾಗಾಗಿ ಈ ಅಪಾಯ ಇವತ್ತಿನಿಂದ ಹಳದಿ.

ಹೊಣೆ: ಆರ್ಕಿಟೆಕ್ಟ್. ಮಂಗಳವಾರ ಸಂಜೆಯೊಳಗೆ ಹುಕ್ಕಿನ ಜಾಗ ಗುರುತಿಸಿ ಕೊಡಬೇಕು. ಕಾಂಕ್ರೀಟಿನ ಹಿಂದಿನ ದಿನ ಬೆಳಿಗ್ಗೆ ಎಲೆಕ್ಟ್ರಿಕಲ್ ಮತ್ತು ಪ್ಲಂಬಿಂಗ್ ಗುತ್ತಿಗೆದಾರರು ಖುದ್ದಾಗಿ ಸ್ಲ್ಯಾಬ್ ಮೇಲೆ ನಡೆದು ನೋಡಿ ಚೆಕ್‌ಲಿಸ್ಟಿಗೆ ಸಹಿ ಹಾಕಬೇಕು. ಫೋಟೋ ನೋಡಿ ಸಹಿ ಮಾಡುವುದು ನಡೆಯುವುದಿಲ್ಲ.

3. ಕಾಂಕ್ರೀಟ್ ಹಾಕುವ ದಿನವೇ ಕೈಕೊಡುವುದು: ಮಳೆ, ಪಂಪು, ಲಾರಿ
ಸಾಧ್ಯತೆ: ಮಧ್ಯಮ. ಹಾಗೇನಾದರೂ ಆದರೆ ನಷ್ಟ: ಮುಂಚೆ ನಿಲ್ಲಿಸಿದರೆ 1 ದಿನ, ಅರ್ಧಕ್ಕೆ ನಿಂತರೆ ಒಂದು ವಾರ.

ಸ್ಲ್ಯಾಬ್ ಎರಡು ಭಾಗದಲ್ಲಿ ಹಾಕುತ್ತೇವೆ, 10ನೇ ವಾರ ಒಂದು, 11ನೇ ವಾರ ಇನ್ನೊಂದು. ಪ್ರತಿ ಸಲ ಸುಮಾರು 30 ಘನ ಮೀಟರ್, 6 ಘನ ಮೀಟರಿನ ಐದು ಲಾರಿ. ಒಂದು ಲಾರಿಗೂ ಮುಂದಿನದಕ್ಕೂ ನಡುವೆ ಜಾಸ್ತಿ ಹೊತ್ತಾದರೆ ಮೊದಲು ಹಾಕಿದ ಕಾಂಕ್ರೀಟ್ ಬಿಗಿಯಾಗಿ ಹೊಸದು ಅದಕ್ಕೆ ಬೆಸೆಯುವುದಿಲ್ಲ. ಆ ಸೇರಿಕೆಯಲ್ಲಿ ಮುಂದೆ ನೀರು ಸೋರುತ್ತದೆ. ಮಳೆ ಜೋರಾದರೆ ಮೇಲಿನ ಸಿಮೆಂಟೇ ತೊಳೆದುಹೋಗುತ್ತದೆ.

ಸುಳಿವುಗಳು: ಮೂರು ದಿನದ ಹವಾಮಾನ ಮುನ್ಸೂಚನೆಯಲ್ಲಿ ಮಳೆ, ಹಿಂದಿನ ಸಂಜೆ ಪ್ಲಾಂಟಿನವರು ಲಾರಿ ನಂಬರು ಕೊಡದಿರುವುದು, ಪಂಪಿನವರು ಬದಲಿ ಪಂಪು ಎಲ್ಲಿದೆ ಅಂತ ಹೇಳಲಾಗದಿರುವುದು, ಸೈಟಿನಲ್ಲಿ ಓಡುವ ವೈಬ್ರೇಟರ್ ಒಂದೇ ಇರುವುದು.

ಹೊಣೆ: ಸೈಟ್ ಎಂಜಿನಿಯರ್. ಹಾಕಬೇಕೋ ಬೇಡವೋ ಅನ್ನುವುದನ್ನು ಹಿಂದಿನ ಸಂಜೆ 5 ಗಂಟೆಗೆ ಅವರೊಬ್ಬರೇ ಹೇಳುತ್ತಾರೆ. ಬೇಡ ಅಂದರೆ ಯಾರೂ ಒತ್ತಾಯ ಮಾಡಬಾರದು, ಪ್ರಾಜೆಕ್ಟ್ ಮ್ಯಾನೇಜರ್ ಕೂಡ. ಕೆಲಸ ಶುರುವಾದ ಮೇಲೆ ಎರಡು ಲಾರಿ ನಡುವೆ 45 ನಿಮಿಷ ದಾಟಿದರೆ ಸ್ಟೋರಿನವರು ಪ್ಲಾಂಟಿಗೆ ಫೋನ್ ಮಾಡಬೇಕು. 75 ನಿಮಿಷ ದಾಟಿದರೆ ಸ್ಟ್ರಕ್ಚರಲ್ ಎಂಜಿನಿಯರ್ ಮೊದಲೇ ಗುರುತು ಮಾಡಿಕೊಟ್ಟ ಜಾಗದಲ್ಲಿ ಹಲಗೆ ನಿಲ್ಲಿಸಿ ಕೆಲಸ ಮುಗಿಸಬೇಕು. ಆ ಜಾಗಗಳಿಗೆ ಸೆಂಟ್ರಿಂಗ್ ಅಂಚಿನಲ್ಲಿ ಕೆಂಪು ಬಣ್ಣ ಬಳಿದಿರಬೇಕು. ಮಳೆ ಬೀಳುವಾಗ ಎಲ್ಲಿ ನಿಲ್ಲಿಸೋಣ ಅಂತ ಚರ್ಚೆ ಮಾಡುವುದಕ್ಕೆ ಹೊತ್ತಿರುವುದಿಲ್ಲ, ಅಲ್ವಾ? ಟಾರ್ಪಾಲು ಬೆಳಿಗ್ಗೆಯೇ ಮೇಲೆ ಬಂದಿರಬೇಕು.

4. ಕ್ಯೂಬ್ ಟೆಸ್ಟ್ ಕಡಿಮೆ ಬರುವುದು
ಸಾಧ್ಯತೆ: ಕಡಿಮೆ. ಹಾಗೇನಾದರೂ ಆದರೆ ನಷ್ಟ: 7 ದಿನಕ್ಕಿಂತ ಜಾಸ್ತಿ, ಅಂದರೆ ನಮ್ಮ ಹೆಚ್ಚುವರಿ ದಿನಗಳು ಬಹುಪಾಲು ಖಾಲಿ.

ನಮ್ಮದು ಎಂ25 ಕಾಂಕ್ರೀಟ್. 28 ದಿನದ ಬಲದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು 7ನೇ ದಿನಕ್ಕೆ ಬಂದಿರಬೇಕು. 7ನೇ ದಿನದ ಸರಾಸರಿ ಚದರ ಮಿಲಿಮೀಟರಿಗೆ 16 ನ್ಯೂಟನ್‌ಗಿಂತ ಕೆಳಗಿದ್ದರೆ ಅದು ನಮ್ಮ ಮೊದಲ ಸುಳಿವು. ಅದಕ್ಕೂ ಮುಂಚಿನ ಸುಳಿವು ಸೈಟಿನಲ್ಲೇ ಸಿಗುತ್ತದೆ: ಲಾರಿಗೆ ನೀರು ಸೇರಿಸುವುದು ಕಂಡರೆ, ಸ್ಲಂಪ್ ಹೇಳಿದ್ದಕ್ಕಿಂತ ಜಾಸ್ತಿ ಬಂದರೆ, ಮಧ್ಯಾಹ್ನ ಸ್ಲ್ಯಾಬ್ ಮೇಲೆ ನಿಂತ ನೀರು ಒಣಗಿಹೋಗಿದ್ದರೆ. ಕ್ಯೂರಿಂಗ್ ನೀರನ್ನು ದಿನಕ್ಕೆ ಮೂರು ಸಲ ನೋಡಿ ಸಮಯ ಬರೆಯಬೇಕು.

ಹೊಣೆ: ಸ್ಟ್ರಕ್ಚರಲ್ ಎಂಜಿನಿಯರ್. ವರದಿ ಬಂದ 24 ಗಂಟೆಯೊಳಗೆ ಮುಂದೇನು ಅಂತ ಬರೆದು ಕೊಡಬೇಕು. ಅಲ್ಲಿಯವರೆಗೆ ಒಂದು ಜಾಕಿಯೂ ಅಲುಗಬಾರದು. ಫಲಿತಾಂಶ ಚೆನ್ನಾಗಿದ್ದರೂ ಡ್ರಾಯಿಂಗ್‌ನಲ್ಲಿ ಬರೆದ ಹಾಗೆ ಸ್ಲ್ಯಾಬ್ ಕೆಳಗಿನ ಜಾಕಿ 14 ದಿನ, 7 ಮೀಟರ್ ಬೀಮ್ ಕೆಳಗಿನದು 21 ದಿನ ಇರಲೇಬೇಕು. ಹಿಂದೆ ಬಿದ್ದ ದಿನಗಳನ್ನು ಇಲ್ಲಿ ಹಿಡಿಯೋಣ ಅನ್ನುವ ಆಸೆ ಯಾರಿಗೂ ಬೇಡ. ಕೆಳಗೆ ಮಕ್ಕಳು ಕೂತಿರುತ್ತಾರೆ.

5. ಕಿಟಕಿ ತಡ
ಸಾಧ್ಯತೆ: ಹೆಚ್ಚು. ಹಾಗೇನಾದರೂ ಆದರೆ ನಷ್ಟ: 6 ದಿನ.

ಗೋಡೆ ಕಟ್ಟಿದ ಮೇಲೆ ಅಳತೆ ತೆಗೆದು ಆರ್ಡರ್ ಕೊಟ್ಟರೆ ನಾಲ್ಕು ವಾರ ಬೇಕು, ಅಷ್ಟು ಸಮಯ ನಮ್ಮ ಹತ್ತಿರ ಇಲ್ಲ. ಹಾಗಾಗಿ ಡ್ರಾಯಿಂಗ್ ಅಳತೆಗೇ 10ನೇ ವಾರ ಆರ್ಡರ್ ಹೋಗುತ್ತದೆ. 14ನೇ ವಾರ ಶುರುವಾಗುವ ಬ್ಲಾಕ್ ಗೋಡೆಯಲ್ಲಿ ಪ್ರತಿ ಕಿಟಕಿಗೂ ಒಂದೇ ಅಳತೆಯ ಕಬ್ಬಿಣದ ಚೌಕಟ್ಟು ಇಟ್ಟು ಕಟ್ಟಬೇಕು.

ಸುಳಿವು: ತಯಾರಕರ ಡ್ರಾಯಿಂಗ್ ಎರಡನೇ ಸಲವೂ ತಿದ್ದುಪಡಿಯಾಗಿ ವಾಪಸು ಹೋಗುವುದು, ಕಟ್ಟಿದ ಮೊದಲ ಮೂರು ಕಿಂಡಿಗಳಲ್ಲಿ ಯಾವುದಾದರೂ 10 ಮಿ.ಮೀ.ಗಿಂತ ಜಾಸ್ತಿ ಆಚೀಚೆ ಇರುವುದು.
ಹೊಣೆ: ಡ್ರಾಯಿಂಗ್ ತಡವಾದರೆ ಆರ್ಕಿಟೆಕ್ಟ್, ಎರಡು ದಿನದೊಳಗೆ ತಯಾರಕರ ಜೊತೆ ಎದುರು ಕೂತು ಮುಗಿಸಬೇಕು. ಕಿಂಡಿ ತಪ್ಪಾದರೆ ಸೈಟ್ ಎಂಜಿನಿಯರ್, ಗಾರೆ ಒಣಗುವ ಮುಂಚೆ ಅವತ್ತೇ ಬಿಚ್ಚಿಸಬೇಕು.

6. "ಇದೊಂದು ಸ್ವಲ್ಪ ಬದಲಿಸಿ"
ಸಾಧ್ಯತೆ: ಹೆಚ್ಚು. ಒಂದೊಂದೂ ಅರ್ಧ ದಿನ, ಒಟ್ಟು ಎಷ್ಟೋ.

ಶಾಲೆಯವರ ಕೋರಿಕೆಗಳು ಹೆಚ್ಚಾಗಿ ಸರಿಯಾದವೇ. ಬೋರ್ಡ್ ಈ ಗೋಡೆಗೆ ಬರಲಿ, ಕೈ ತೊಳೆಯುವ ಬೇಸಿನ್ ಇನ್ನೊಂದು ಇರಲಿ ಅಂತ ಪಾಠ ಮಾಡುವವರೇ ಹೇಳಬೇಕು. ತೊಂದರೆ ಬರುವುದು ಅದು ನೇರವಾಗಿ ಮೇಸ್ತ್ರಿ ಕಿವಿಗೆ ಬಿದ್ದಾಗ. ಸೈಟ್ ಡೈರಿಯಲ್ಲಿ ಇಲ್ಲದ ಕೆಲಸ ಗೋಡೆ ಮೇಲೆ ಕಂಡರೆ ಅದೇ ಸುಳಿವು.

ಹೊಣೆ: ಶಾಲೆಯ ಆಡಳಿತಾಧಿಕಾರಿ. ಕೋರಿಕೆಗಳೆಲ್ಲ ಅವರೊಬ್ಬರ ಮೂಲಕ ಬರಹದಲ್ಲಿ ಬರಬೇಕು. ನಾನು ಎರಡು ದಿನದಲ್ಲಿ ಅದಕ್ಕೆ ಎಷ್ಟು ದಿನ ಹಿಡಿಯುತ್ತದೆ ಅಂತ ಬರೆದು ಕೊಡುತ್ತೇನೆ, ಅದನ್ನು ನೋಡಿ ಅವರು ಬೇಕು ಬೇಡ ಹೇಳಬಹುದು. 12ನೇ ವಾರದ ನಂತರ ಗೋಡೆ, ಪೈಪು, ವೈರಿಂಗ್ ಬದಲಾವಣೆ ತೆಗೆದುಕೊಳ್ಳುವುದಿಲ್ಲ.

## ಉಳಿದವು

| ಅಪಾಯ | ಮೊದಲ ಸುಳಿವು | ಯಾರು | ಎಷ್ಟರೊಳಗೆ, ಏನು |
|---|---|---|---|
| ಬಿಲ್ ಪಾವತಿ ತಡ | ಸಪ್ಲೈಯರ್ ಮುಂಗಡ ಕೇಳುವುದು. ಬಿಲ್ ಕೊಟ್ಟು 10 ದಿನವಾದರೂ ಪರಿಶೀಲನೆ ಇಲ್ಲ | ಪ್ರಾಜೆಕ್ಟ್ ಮ್ಯಾನೇಜರ್ | 2 ದಿನ. ತಕರಾರಿಲ್ಲದ ಭಾಗವನ್ನು ಮೊದಲು ಬಿಡಿಸುವುದು |
| ಪರೀಕ್ಷೆ ವಾರಗಳಲ್ಲಿ (15, 16) ಸದ್ದಿನ ಕೆಲಸ ಬಂದ್ | ಸಮಯಪಟ್ಟಿ ಬದಲಾಗಿದೆ ಅನ್ನುವ ಸುದ್ದಿ | ಪ್ಲ್ಯಾನಿಂಗ್ ಎಂಜಿನಿಯರ್ | ಅವತ್ತೇ. ಕಟಿಂಗ್, ಡ್ರಿಲ್ಲಿಂಗ್ ಸಂಜೆಗೆ, ಹಗಲು ಬ್ಲಾಕ್ ಕೆಲಸ |
| ಶೌಚಾಲಯದ ವಾಟರ್‌ಪ್ರೂಫಿಂಗ್ ಸೋರುವುದು | 48 ಗಂಟೆ ನೀರು ನಿಲ್ಲಿಸಿದಾಗ ಕೆಳಗಿನ ಸೀಲಿಂಗಿನಲ್ಲಿ ತೇವ, ಅಥವಾ ಗುರುತಿಗಿಂತ ನೀರು ಇಳಿಯುವುದು | ಪ್ಲಂಬಿಂಗ್ ಗುತ್ತಿಗೆದಾರರು | 1 ದಿನದಲ್ಲಿ ಸರಿಪಡಿಸಿ ಮತ್ತೆ 48 ಗಂಟೆ. ಅದಕ್ಕೆ ಮೊದಲು ಟೈಲ್ಸ್ ಇಲ್ಲ |
| ಅಗ್ನಿ ಸುರಕ್ಷತೆ ತಪಾಸಣೆ ದಿನ ಸಿಗದಿರುವುದು | 18ನೇ ವಾರಕ್ಕೂ ಅರ್ಜಿಗೆ ಸ್ವೀಕೃತಿ ಇಲ್ಲ | ಶಾಲೆಯ ಆಡಳಿತಾಧಿಕಾರಿ | 1 ದಿನ. ಖುದ್ದಾಗಿ ಹೋಗಿ ವಿಚಾರಿಸುವುದು |
| ಯಾರಿಗಾದರೂ ಪೆಟ್ಟಾಗುವುದು | ಅಂಚಿನ ರೇಲಿಂಗ್ ಬಿಚ್ಚಿರುವುದು, ಹೆಲ್ಮೆಟ್ ಇಲ್ಲದೆ ಮೇಲೆ ಹತ್ತುವುದು | ಕಂಡವರು ಯಾರಾದರೂ | ತಕ್ಷಣ ಕೆಲಸ ನಿಲ್ಲಿಸುವುದು. ಕೇಳಿ ನಿಲ್ಲಿಸಬೇಕಾಗಿಲ್ಲ |

## ಮುಚ್ಚಿದ್ದು

ಹಳೆ ಕಾಲಂಗಳಿಂದ ಮೇಲೆ ಬಿಟ್ಟಿದ್ದ ಕಂಬಿಯ ತುಕ್ಕು. 18ರಲ್ಲಿ ಎರಡು ಕಾಲಂಗಳಿಗೆ ಹೊಸ ಕಂಬಿ ಕೊರೆದು ಕೂರಿಸಬೇಕಾಯಿತು. ಖರ್ಚಾದ ಎರಡು ದಿನ ಇದಕ್ಕೇ ಹೋಗಿದ್ದು. ಉಳಿದಿರುವ ಎರಡು ಕಾಲಂ ಇವೇ. ಎಳೆದು ನೋಡುವ ಪರೀಕ್ಷೆಯಲ್ಲಿ ಎರಡೂ ಪಾಸಾಗಿವೆ. ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಶುಕ್ರವಾರ ಬಂದಿದೆ. ಬುಧವಾರ ಕಾಂಕ್ರೀಟ್.

## ಮುಂದಿನ ಪರಿಶೀಲನೆ

8ನೇ ವಾರದ ಸೋಮವಾರ ಬೆಳಿಗ್ಗೆ 9ಕ್ಕೆ, ಸೈಟಿನಲ್ಲೇ. ಮೊದಲು 1 ಮತ್ತು 2ನೇ ಅಪಾಯ ನೋಡುತ್ತೇವೆ. ಸೆಂಟ್ರಿಂಗ್ ಮೇಸ್ತ್ರಿ ಹಾಜರಿ ಪುಸ್ತಕ ತರಬೇಕು, ಆರ್ಕಿಟೆಕ್ಟ್ ಸ್ಟಾಫ್ ರೂಮಿನ ಲೇಔಟ್ ಎಷ್ಟಾಗಿದೆಯೋ ಅಷ್ಟನ್ನು ತರಬೇಕು.